ಹೆಬ್ಬೆರಳಿನ ಕೆಳಗಿನ ಪದ

ಮಕ್ಕಳು ನನಗಿಟ್ಟ ಹೆಸರು ಹೆಬ್ಬೆರಳು ಮೇಡಂ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ. ಆದರೆ ಇಪ್ಪತ್ತಾರು ವರ್ಷ ಒಂದೇ ಶಾಲೆಯಲ್ಲಿ ಭಾಷೆ ಕಲಿಸಿದವಳಿಗೆ ಇಂಥದ್ದು ಕಿವಿಗೆ ಬೀಳದೆ ಇರುತ್ತದೆಯೇ. ಬೇಸರವೇನೂ ಇಲ್ಲ. ಲೆಕ್ಕದ ಮೇಷ್ಟ್ರಿಗೆ ಇಟ್ಟಿರುವ ಹೆಸರಿಗೆ ಹೋಲಿಸಿದರೆ ನನ್ನದು ಬಿರುದು.

ಹೆಸರು ಬಂದದ್ದು ಅಪರಿಚಿತ ಗದ್ಯಭಾಗದ ಪಾಠದಿಂದ. ಪರೀಕ್ಷೆಯಲ್ಲಿ ಮಕ್ಕಳು ಎಂದೂ ಓದಿರದ ಒಂದು ಗದ್ಯ ಕೊಡುತ್ತಾರೆ. ಅದರಲ್ಲಿ ಒಂದು ಪದಕ್ಕೆ ಅಡಿಗೆರೆ ಎಳೆದು, ಅರ್ಥ ಬರೆಯಿರಿ ಎನ್ನುತ್ತಾರೆ. ನಿಘಂಟು ಇಲ್ಲ, ಕೇಳಲು ಪಕ್ಕದವರಿಲ್ಲ. ನಾನು ಹೇಳಿಕೊಡುವುದು ಇಷ್ಟೇ: ಗೊತ್ತಿಲ್ಲದ ಪದ ಬಂದರೆ ಹೆದರಬೇಡಿ, ಹೆಬ್ಬೆರಳಿನಿಂದ ಮುಚ್ಚಿ. ಅದು ಅಲ್ಲಿ ಇಲ್ಲವೇ ಇಲ್ಲ ಎಂದುಕೊಂಡು ಗದ್ಯವನ್ನು ಕೊನೆಯವರೆಗೆ ಓದಿ. ಆ ಜಾಗದಲ್ಲಿ ಏನಿರಬಹುದು, ವಸ್ತುವೋ, ಕೆಲಸವೋ, ಗುಣವೋ ನೋಡಿ. ಅದರಿಂದ ಏನಾಯಿತು, ಯಾವಾಗ ಹೆಚ್ಚಾಯಿತು, ಯಾವಾಗ ಇರಲಿಲ್ಲ, ನೋಡಿ. ಆಮೇಲೆ ನಿಮಗೆ ಗೊತ್ತಿರುವ ಪದವೊಂದನ್ನು ಅಲ್ಲಿಟ್ಟು, ಮತ್ತೆ ಮೊದಲಿನಿಂದ ಓದಿ. ಒಂದು ಸಾಲು ಒಲ್ಲೆ ಎಂದರೂ ಆ ಪದ ಬಿಡಿ, ಬೇರೆ ಇಡಿ. ಮುಖ್ಯವಾದದ್ದು, ಮೊದಲ ಸಾಲಿಗೇ ಅರ್ಥ ಕಟ್ಟಬೇಡಿ. ಈ ಕೊನೆಯ ಮಾತನ್ನು ಹೇಳುವಾಗ ನಾನು ಮೇಜು ಕುಟ್ಟುತ್ತೇನೆ.

ಹೇಳೋದು ಶಾಸ್ತ್ರ, ಇಕ್ಕೋದು ಗಾಳ ಅಂತಾರಲ್ಲ, ಆ ಮಾತು ಯಾರಿಗೆ ಹೊಂದುತ್ತದೆ ಎಂದು ಇಷ್ಟು ದಿನ ಬೇರೆಯವರ ಕಡೆ ನೋಡುತ್ತಿದ್ದೆ.

ಈ ವರ್ಷ ಪೂರ್ವಸಿದ್ಧತಾ ಪರೀಕ್ಷೆಯ ಭಾಷಾ ಪತ್ರಿಕೆ ತೆಗೆಯುವ ಸರದಿ ನನ್ನದು. ಹಿಂದಿನ ಕಿರುಪರೀಕ್ಷೆಗೆ ಒಂದು ಪುಸ್ತಕದಿಂದ ಗದ್ಯ ಎತ್ತಿಕೊಟ್ಟಿದ್ದೆ. ಅದೇ ಗದ್ಯ ಉತ್ತರದ ಸಮೇತ ಗೈಡಿನಲ್ಲಿ ಇತ್ತೆಂದು ಆಮೇಲೆ ತಿಳಿಯಿತು. ನಲವತ್ತೊಂದು ಮಕ್ಕಳಲ್ಲಿ ಮೂವತ್ತು ಮಂದಿ ಅಕ್ಷರ ಬಿಡದೆ ಒಂದೇ ಉತ್ತರ. ಲೆಕ್ಕದ ಮೇಷ್ಟ್ರು ನಕ್ಕು, "ಅಪರಿಚಿತ ಅಂದ್ರಲ್ಲ ಮೇಡಂ, ಮಕ್ಕಳಿಗೆ ಭಾರಿ ಪರಿಚಯ ಇದ್ದ ಹಾಗಿದೆ" ಎಂದಿದ್ದರು. ಆ ಮಾತು ನನಗೆ ಚುಚ್ಚಿತ್ತು. ಈ ಸಲ ಯಾವ ಗೈಡಿನಲ್ಲೂ ಇಲ್ಲದ ಗದ್ಯ, ಯಾವ ನಿಘಂಟಿನಲ್ಲೂ ಇಲ್ಲದ ಪದ ಕೊಡುತ್ತೇನೆ ಎಂದು ಹಟ ಹಿಡಿದೆ. ಅಂಥ ಪದ ನನ್ನ ಬಳಿ ಒಂದಿತ್ತು.

ನಮ್ಮ ಮನೆಯಲ್ಲಿ ಮಾತ್ರ ಓಡಾಡುವ ಪದ ಅದು. ಗಿಂಡಲೆ. ಅಮ್ಮನ ಬಾಯಿಂದ ಬಂದದ್ದು. ಅರ್ಥ ಮುನಿಸು. ನನ್ನ ತಮ್ಮ ಮುಖ ಊದಿಸಿಕೊಂಡರೆ ಗಿಂಡಲೆ, ನನ್ನ ಮಗಳು ಬಾಗಿಲು ಬಡಿದರೆ ಗಿಂಡಲೆ. ಅಮ್ಮನಿಗಂತೂ ಅದು ನಿತ್ಯದ್ದು ಎಂದು ನಾವು ಅವಳ ಮುಂದೆಯೇ ತಮಾಷೆ ಮಾಡುತ್ತಿದ್ದೆವು. ಅವಳು ನಗುತ್ತಿದ್ದಳು.

ಸುಳ್ಳು ಹೆಣೆಯಲು ನನಗೆ ಬರುವುದಿಲ್ಲ. ಹಾಗಾಗಿ ಚಿಕ್ಕಂದಿನಲ್ಲಿ ಕಂಡದ್ದನ್ನೇ ನೆನೆಸಿಕೊಂಡು, ಒಂದು ಭಾನುವಾರ ಒಂದೇ ಪಟ್ಟಿಗೆ ಬರೆದು ಮುಗಿಸಿದೆ. ಪತ್ರಿಕೆಯಲ್ಲಿ ಅಚ್ಚಾದದ್ದು ಹೀಗೆ:

"ನಮ್ಮ ಅಮ್ಮನಿಗೆ ಆಗಾಗ ಗಿಂಡಲೆ ಬರುತ್ತಿತ್ತು. ಆಗ ಹಿಂದಿನಿಂದ ಎಷ್ಟು ಕರೆದರೂ ಅವಳು ತಿರುಗುತ್ತಿರಲಿಲ್ಲ. ನಾಲ್ಕು ಜನ ಮೆಟ್ಟಿಲ ಮೇಲೆ ಕೂತು ಹರಟುತ್ತಿದ್ದರೆ ಎದ್ದು ಒಳಗೆ ಹೋಗುತ್ತಿದ್ದಳು. ಒಬ್ಬರೇ ಬಂದರೆ ಎದುರಿಗೆ ಕೂರಿಸಿಕೊಂಡು, ಅವರ ಮುಖವನ್ನೇ ನೋಡುತ್ತ ಗಂಟೆಗಟ್ಟಲೆ ಮಾತಾಡುತ್ತಿದ್ದಳು. ಮಾತಿನ ನಡುವೆ ದೀಪ ಹೋದರೆ ಸುಮ್ಮನಾಗಿಬಿಡುತ್ತಿದ್ದಳು. ನೆಗಡಿಯಾದ ದಿನಗಳಲ್ಲಿ ಗಿಂಡಲೆ ಇನ್ನೂ ಹೆಚ್ಚು. ನಾವು ಕೂಗಿ ಕೂಗಿ ಸಾಕಾಗಿ, ಹತ್ತಿರ ಹೋಗಿ ಭುಜ ಮುಟ್ಟಿದರೆ, ನಗುತ್ತ ತಿರುಗಿ 'ಯಾವಾಗ ಬಂದ್ರಿ?' ಎಂದು ಕೇಳುತ್ತಿದ್ದಳು. ಈ ಗಿಂಡಲೆಯ ಕಾರಣದಿಂದಲೇ ಅವಳು ನಮ್ಮ ಶಾಲೆಯ ಸಭೆಗಳಿಗೆ ಒಮ್ಮೆಯೂ ಬರಲಿಲ್ಲ."

ಕೆಳಗೆ ಪ್ರಶ್ನೆ: ಅಡಿಗೆರೆ ಎಳೆದ ಪದದ ಅರ್ಥವನ್ನು ಊಹಿಸಿ ಬರೆಯಿರಿ, ನಿಮ್ಮ ಊಹೆಗೆ ಆಧಾರವಾದ ಒಂದು ವಾಕ್ಯವನ್ನು ಸೂಚಿಸಿ. ಎರಡು ಅಂಕ. ಮಾದರಿ ಉತ್ತರದ ಹಾಳೆಯಲ್ಲಿ ನಾನು ಬರೆದೆ: ಮುನಿಸು, ಸಿಟ್ಟು, ಕೋಪ, ಜಂಭ, ಯಾವುದಾದರೂ ಸರಿ. ಆಧಾರ: ಕರೆದರೂ ತಿರುಗುತ್ತಿರಲಿಲ್ಲ.

ಮೂವತ್ತೇಳು ಮಕ್ಕಳು ಹಾಗೇ ಬರೆದರು. ನಿಘಂಟಿಲ್ಲದೆ, ಗೈಡಿಲ್ಲದೆ ಮೂವತ್ತೇಳು. ಬೀಗಿಹೋದೆ. ಮೂವರು ಏನೂ ಬರೆಯದೆ ಬಿಟ್ಟಿದ್ದರು. ಇನ್ನುಳಿದವಳು ಆಮೆ.

ಆಮೆ ಎಂದು ಹೆಸರಿಟ್ಟವಳು ನಾನೇ, ಅದನ್ನೂ ಈಗಲೇ ಹೇಳಿಬಿಡುತ್ತೇನೆ. ಅವಳು ಅಷ್ಟು ನಿಧಾನ. ಪರೀಕ್ಷೆಯಲ್ಲಿ ಎಲ್ಲರೂ ಎರಡನೇ ಹಾಳೆ ಕೇಳುವಾಗ ಅವಳು ಮೊದಲ ಪುಟದ ಅರ್ಧದಲ್ಲಿ ಇರುತ್ತಾಳೆ. ಬರೆದದ್ದು ತಪ್ಪಿರುವುದಿಲ್ಲ, ಆದರೆ ಬರೆದಷ್ಟಕ್ಕೇ ತಾನೇ ಅಂಕ. ಹೋದ ವರ್ಷ ಪೂರ್ವಸಿದ್ಧತೆಯಲ್ಲಿ ಫೇಲಾಗಿ ಅದೇ ತರಗತಿಯಲ್ಲಿ ಉಳಿದಿದ್ದಳು. ನಮ್ಮ ಶಾಲೆಯಲ್ಲಿ ಇದರಲ್ಲಿ ಪಾಸಾದವರನ್ನು ಮಾತ್ರ ದೊಡ್ಡ ಪರೀಕ್ಷೆಗೆ ಕಳಿಸುತ್ತಾರೆ, ಶಾಲೆಯ ಫಲಿತಾಂಶ ಚೆನ್ನಾಗಿ ಕಾಣಬೇಕಲ್ಲ. ಈ ಸಲವೂ ಹೋದರೆ ಓದು ಬಿಡಿಸಿ ಚಿಕ್ಕಮ್ಮನ ಇಸ್ತ್ರಿ ಅಂಗಡಿಯಲ್ಲಿ ನಿಲ್ಲಿಸುತ್ತೇವೆ ಎಂದು ಅವಳ ಮನೆಯವರು ನನ್ನೆದುರಿಗೇ ಹೇಳಿ ಹೋಗಿದ್ದರು. ಉಳಿದ ವಿಷಯಗಳಲ್ಲಿ ಅವಳು ಹೇಗೋ ಪಾರಾಗಿದ್ದಳು. ಭಾಷೆಯಲ್ಲಿ ಮೂವತ್ತಮೂರು ಬಂದಿತ್ತು. ಪಾಸಾಗಲು ಮೂವತ್ತೈದು ಬೇಕು.

ಅವಳ ಉತ್ತರ ಇಷ್ಟೇ: "ಗಿಂಡಲೆ ಎಂದರೆ ಕಿವಿ ಸರಿಯಾಗಿ ಕೇಳಿಸದಿರುವುದು. ಆಧಾರ: ಭುಜ ಮುಟ್ಟಿದರೆ ನಗುತ್ತ ತಿರುಗಿ." ನಾನು ಅದರ ಸುತ್ತ ಕೆಂಪು ಸುತ್ತು ಹಾಕಿ, ಸೊನ್ನೆ ಕೊಟ್ಟು, ಪಕ್ಕದಲ್ಲಿ ಬರೆದಿದ್ದೆ: ಕಥೆ ಕಟ್ಟಬೇಡ.

ಶುಕ್ರವಾರ ಮಧ್ಯಾಹ್ನ ಉತ್ತರಪತ್ರಿಕೆ ಹಂಚಿದೆ. ಅಂಕಪಟ್ಟಿ ಶನಿವಾರ ಬೆಳಿಗ್ಗೆ ಹತ್ತಕ್ಕೆ ಕಚೇರಿಗೆ ಹೋಗಬೇಕು. ಕೊನೆಯ ಗಂಟೆ ಹೊಡೆದ ಮೇಲೆ ಆಮೆ ಶಿಕ್ಷಕರ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಒಳಗೆ ನಾವು ಐದಾರು ಮಂದಿ ಟೀ ಕುಡಿಯುತ್ತಿದ್ದೆವು.

"ಮೇಡಂ, ಒಂದು ಅಂಕ ಕೇಳೋಕೆ ಬಂದೆ. ಒಂದಲ್ಲ, ಎರಡು."

"ಬಾಯಿ ಬಿಟ್ಟು ಕೇಳಿದ್ರೆ ಕೊಡೋಕೆ ಇದೇನು ಕಡಲೆಬೀಜಾನಾ?" ಎಂದೆ. ಮೇಷ್ಟ್ರುಗಳು ನಕ್ಕರು. ನಕ್ಕರೆ ನನಗೆ ಇನ್ನಷ್ಟು ಹುರುಪು ಬರುತ್ತದೆ, ಅದು ನನ್ನ ಹಳೆಯ ರೋಗ.

ಅವಳು ಮೇಜಿನ ಮೇಲೆ ಪ್ರಶ್ನೆಪತ್ರಿಕೆ ಇಟ್ಟು, ಗಿಂಡಲೆ ಎಂಬ ಪದದ ಮೇಲೆ ಹೆಬ್ಬೆರಳು ಇಟ್ಟಳು. ನನ್ನ ಹಾಗೆಯೇ, ಉಗುರು ಮೇಲಾಗಿ.

"ನೀವು ಹೇಳ್ಕೊಟ್ಟ ಹಾಗೇ ಮಾಡಿದೆ ಮೇಡಂ. ಮೊದ್ಲು ಮುನಿಸು ಅಂತಾನೇ ಇಟ್ಟೆ. ಮೊದಲನೇ ಸಾಲಿಗೆ ಕೂತ್ಕೊಳ್ತು. ಎರಡನೇದಕ್ಕೂ ಸರಿಹೋಯ್ತು. ಸಭೆಗೆ ಬರ್ಲಿಲ್ಲ ಅನ್ನೋದಕ್ಕೂ ಪರವಾಗಿಲ್ಲ. ಆದ್ರೆ ನೆಗಡಿ ಸಾಲಿಗೆ ಬಂದಾಗ ಒಲ್ಲೆ ಅಂತು. ನೆಗಡಿ ಆದ್ರೆ ಮುನಿಸು ಯಾಕೆ ಜಾಸ್ತಿ ಆಗ್ಬೇಕು?"

"ನೆಗಡಿ ಆದ್ರೆ ಯಾರಿಗಾದ್ರೂ ಸಿಡುಕು ಬರುತ್ತೆ."

"ಬರುತ್ತೆ ಮೇಡಂ. ಆದ್ರೆ ಮುನಿಸ್ಕೊಂಡೋರು ಭುಜ ಮುಟ್ಟಿದ್ರೆ ಕೊಡವ್ಕೊಳ್ತಾರೆ. ಇವ್ರು ನಗ್ತಾರೆ. ಯಾವಾಗ ಬಂದ್ರಿ ಅಂತಾರೆ. ಅಂದ್ರೆ ಬಂದಿದ್ದೇ ಗೊತ್ತಿಲ್ಲ, ಕೂಗಿದ್ದೂ ಗೊತ್ತಿಲ್ಲ. ದೀಪ ಹೋದ್ರೆ ಮಾತು ಯಾಕೆ ನಿಲ್ಲಿಸ್ತಾರೆ? ಕತ್ತಲಲ್ಲಿ ಮಾತಾಡ್ಬಹುದಲ್ಲ, ಕಿವಿ ಇದ್ರೆ."

ಅವಳು ಇಷ್ಟು ಮಾತಾಡಿದ್ದನ್ನು ನಾನು ಎರಡು ವರ್ಷದಲ್ಲಿ ಕೇಳಿರಲಿಲ್ಲ. ಪಕ್ಕದಲ್ಲಿ ಯಾರೋ ಲೋಟ ಕೆಳಗಿಟ್ಟರು.

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಮೇಡಂ, ಹುಡುಗಿ ಹೇಳೋದು ಸರಿ ಇದೆಯಲ್ಲ" ಎಂದರು ಲೆಕ್ಕದ ಮೇಷ್ಟ್ರು.

ಅವರು ಹಾಗೆ ಹೇಳದೇ ಇದ್ದಿದ್ದರೆ ಬಹುಶಃ ಅಲ್ಲೇ ಒಪ್ಪುತ್ತಿದ್ದೆ. ಅಥವಾ ಇಲ್ಲ. ತಪ್ಪನ್ನು ಅವರ ತಲೆಗೆ ಕಟ್ಟುವುದು ಬೇಡ.

"ಮೇಷ್ಟ್ರೇ, ಈ ಪದ ನಮ್ಮ ಮನೇದು" ಎಂದೆ, ಎಲ್ಲರಿಗೂ ಕೇಳುವಂತೆ. "ಆ ಅಮ್ಮ ನಮ್ಮಮ್ಮ. ಐವತ್ತು ವರ್ಷದಿಂದ ಆ ಗಿಂಡಲೆ ನೋಡಿದೋಳು ನಾನು. ನಮ್ಮಮ್ಮನ ಪದಕ್ಕೆ ಇವಳು ನಂಗೆ ಅರ್ಥ ಹೇಳ್ಕೊಡ್ತಾಳೆ. ನಿಧಾನಕ್ಕೆ ನಡೆದೂ ನಡೆದೂ ಆಮೆ ನಮ್ಮನೆ ಅಡುಗೆಮನೆವರೆಗೂ ಬಂದ್ಬಿಡ್ತು ನೋಡಿ."

ಎಲ್ಲರೂ ನಕ್ಕರು, ಲೆಕ್ಕದ ಮೇಷ್ಟ್ರ ಹೊರತು. ಅವಳ ಮುಖ ಕೆಂಪಾಯಿತು. ಆದರೂ ಹೋಗಲಿಲ್ಲ.

"ಅದು ನಿಮ್ಮಮ್ಮ ಅಂತ ನಂಗೆ ಗೊತ್ತಿರ್ಲಿಲ್ಲ ಮೇಡಂ. ತಪ್ಪಾಯ್ತು" ಎಂದಳು. ಪದದ ಮೇಲಿನ ಹೆಬ್ಬೆರಳು ತೆಗೆದು, "ನಂಗೆ ಗೊತ್ತಿದ್ದಿದ್ದು ಆ ಸಾಲುಗಳು ಮಾತ್ರ" ಎಂದಳು. ಪತ್ರಿಕೆ ಅಲ್ಲೇ ಬಿಟ್ಟು ಹೊರಟುಹೋದಳು.

ಒಬ್ಬೊಬ್ಬರೇ ಎದ್ದು ಹೋದರು. ಜವಾನ ಬಂದು ಲೋಟಗಳನ್ನು ತೆಗೆದುಕೊಂಡು ಹೋದ. ನಾನು ಬ್ಯಾಗಿಗೆ ಎಲ್ಲ ತುಂಬಿ, ಕೊನೆಗೆ ಅವಳ ಪತ್ರಿಕೆಯನ್ನು ಕೈಗೆತ್ತಿಕೊಂಡೆ. ಬೇಕೆಂದು ಮಾಡಿದ್ದಲ್ಲ, ಅಭ್ಯಾಸಬಲ, ಹೆಬ್ಬೆರಳು ತಾನಾಗಿ ಹೋಗಿ ಆ ಪದದ ಮೇಲೆ ಕೂತಿತು. ನಾನು ಬರೆದ ಗದ್ಯವನ್ನು ನಾನೇ ಮೊದಲ ಸಲ ಓದಿದೆ.

ಬರೆಯುವಾಗ ಓದಿರಲಿಲ್ಲ. ಅಚ್ಚಿನ ತಪ್ಪು ನೋಡುವಾಗ ಓದಿರಲಿಲ್ಲ. ನಲವತ್ತೊಂದು ಉತ್ತರ ತಿದ್ದುವಾಗ ಓದಿರಲಿಲ್ಲ. ಅರ್ಥ ಗೊತ್ತಿದೆ ಎಂದುಕೊಂಡವರು ಸಾಲುಗಳನ್ನು ಓದುವುದಿಲ್ಲ.

ಆ ಅರ್ಥ ನನಗೆ ಸಿಕ್ಕ ದಿನವೂ ನೆನಪಾಯಿತು. ನನಗೆ ಒಂಬತ್ತೋ ಹತ್ತೋ. ಜ್ವರ ಬಂದು ಮಲಗಿದ್ದೆ. ಅದಕ್ಕೆ ಹಿಂದಿನ ದಿನ ಅಮ್ಮನ ಗಾಜಿನ ಹೂಜಿ ಒಡೆದು, ಚೂರುಗಳನ್ನು ಮಂಚದ ಕೆಳಗೆ ತಳ್ಳಿದ್ದೆ. ಅಮ್ಮ ಕಿಟಕಿಯ ಬಳಿ ನನಗೆ ಬೆನ್ನು ಹಾಕಿ ಗುಂಡಿ ಹೊಲಿಯುತ್ತ ಕೂತಿದ್ದಳು. ನೀರು ಬೇಕೆಂದು ಕರೆದೆ. ಮತ್ತೆ ಕರೆದೆ. ಅತ್ತು ಕರೆದೆ. ಅವಳು ದಾರ ಕಚ್ಚಿ ತುಂಡು ಮಾಡಿದಳೇ ಹೊರತು ತಿರುಗಲಿಲ್ಲ. ಹೂಜಿಯ ಚೂರು ಸಿಕ್ಕಿರಬೇಕು ಎಂದುಕೊಂಡೆ. ಕೊನೆಗೆ ನಾನೇ ಎದ್ದು, ತಲೆ ತಿರುಗಿ ಬಿದ್ದೆ. ಆಗ ಓಡಿಬಂದಳು. "ಕರ್ದ್ರೂ ಯಾಕೆ ಬರ್ಲಿಲ್ಲ?" ಎಂದು ಅಳುತ್ತ ಕೇಳಿದ್ದಕ್ಕೆ, ನನ್ನನ್ನು ತಬ್ಬಿಕೊಂಡು, "ಗಿಂಡಲೆ ಬಂದಿತ್ತು ಕಣೇ, ಗಿಂಡಲೆ" ಎಂದಳು. ಆ ಪದವನ್ನು ನಾನು ಕೇಳಿದ್ದು ಅದೇ ಮೊದಲು. ಒಡೆದ ಹೂಜಿ, ತಿರುಗದ ಬೆನ್ನು. ಒಂದೇ ಸಾಲು, ಅದಕ್ಕೇ ಅರ್ಥ ಕಟ್ಟಿದೆ. ಆಮೇಲೆ ಕಂಡ ಸಾಲುಗಳೆಲ್ಲ ಒಲ್ಲೆ ಒಲ್ಲೆ ಎಂದರೂ ಆ ಅರ್ಥವನ್ನೇ ಅವುಗಳ ಬಾಯಿಗೆ ತುರುಕಿದೆ.

ಭೂಮಿ ಬಾಯಿ ಬಿಡಬಾರದೇ ಎನ್ನುವುದನ್ನು ನಾನು ಮಕ್ಕಳಿಗೆ ನುಡಿಗಟ್ಟು ಎಂದು ಬರೆಸಿದ್ದೇನೆ. ಆ ಖಾಲಿ ಕೋಣೆಯಲ್ಲಿ ಅದು ಬರೀ ನುಡಿಗಟ್ಟಾಗಿ ಉಳಿಯಲಿಲ್ಲ.

ಮನೆಗೆ ನಡೆದುಕೊಂಡೇ ಹೋದೆ. ದಾರಿಯುದ್ದಕ್ಕೂ ಒಂದೊಂದೇ ನೆನಪು ಎದ್ದು ಬಂದು ಎದುರಿಗೆ ನಿಂತಿತು. ಅಮ್ಮ ಒಲೆಯ ಮೇಲಿನ ಗೋಡೆಗೆ ಪುಟ್ಟ ಕನ್ನಡಿ ತೂಗುಹಾಕಿದ್ದಳು. ಯಾವ ಮನೆಗೆ ಹೋದರೂ ಮೊದಲು ಆ ಕನ್ನಡಿಗೆ ಮೊಳೆ ಹೊಡೆಯಬೇಕು. ಅಡುಗೆ ಮಾಡುವಾಗಲೂ ಮುಖ ನೋಡ್ಕೊಳ್ತಾಳೆ ನಮ್ಮ ರಾಣಿ ಎಂದು ಅಪ್ಪನೂ ನಾವೂ ನಗುತ್ತಿದ್ದೆವು. ಅದು ಬೆನ್ನ ಹಿಂದೆ ಬಂದವರನ್ನು ನೋಡಲು ಇಟ್ಟ ಕನ್ನಡಿ. ನಾನು ಹಾಡಿದಾಗ ಅವಳು ಚಪ್ಪಾಳೆ ತಟ್ಟುತ್ತಿದ್ದುದು ಉಳಿದವರು ತಟ್ಟಿದ ಮೇಲೆ. ಏನಾದರೂ ಕೇಳಿದರೆ ಒಂದು ಕ್ಷಣ ನಿಂತು ಉತ್ತರ ಕೊಡುತ್ತಿದ್ದಳು. ನಾವು ಅದನ್ನು ಗತ್ತು ಎಂದೆವು. ಅವಳು ಆ ಕ್ಷಣದಲ್ಲಿ, ಕಿವಿಗೆ ಬಿದ್ದ ಎರಡು ಮಾತಿನಿಂದ ಬೀಳದ ಮೂರು ಮಾತನ್ನು ಊಹಿಸುತ್ತಿದ್ದಳು. ನಾನು ಮೇಜು ಕುಟ್ಟಿ ಕಲಿಸುವುದನ್ನು ಅವಳು ಐವತ್ತು ವರ್ಷ ಯಾರಿಗೂ ತಿಳಿಯದಂತೆ ಮಾಡುತ್ತಿದ್ದಳು. ಊಹೆ ತಪ್ಪಿದಾಗ ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಈಗ ಅವಳಿಗೆ ಎಪ್ಪತ್ತೊಂಬತ್ತು. ಅಪ್ಪ ಹೋದ ಮೇಲೆ ನನ್ನ ಜೊತೆಯಲ್ಲೇ ಇದ್ದಾಳೆ. ಹತ್ತು ವರ್ಷದಿಂದ ಕಿವಿ ಮಂದ, ಅದು ಎಲ್ಲರಿಗೂ ಗೊತ್ತು. ವಯಸ್ಸಾಯಿತಲ್ಲ ಎಂದು ಕಿವಿಯ ಮಿಷನ್ನು ತಂದುಕೊಟ್ಟಿದ್ದೆವು. ಕೀ ಅನ್ನುತ್ತದೆ ಎಂದು ಅವಳು ಅದನ್ನು ಡ್ರಾಯರಿನಲ್ಲಿಟ್ಟಿದ್ದಾಳೆ. ಡಾಕ್ಟರು ಅವಳ ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, "ತುಂಬಾ ಹಳೇದು ಅನ್ಸುತ್ತೆ, ಚಿಕ್ಕಂದಿನಲ್ಲಿ ಕಿವಿ ಸೋರ್ತಿತ್ತಾ?" ಎಂದು ಕೇಳಿದ್ದರು. ಉತ್ತರ ಕೊಟ್ಟವಳು ನಾನು. ಇಲ್ಲ ಡಾಕ್ಟ್ರೇ, ಈಚೆಗೆ ಶುರುವಾಗಿದ್ದು ಎಂದಿದ್ದೆ.

ಅಮ್ಮ ಎಂದಿನಂತೆ ಬಾಗಿಲಿಗೆ ಮುಖಮಾಡಿ ಊಟದ ಮೇಜಿನ ಮುಂದೆ ಕೂತು, ನನ್ನ ಸೀರೆಯ ಅಂಚು ಹೊಲಿಯುತ್ತಿದ್ದಳು. ಚಪ್ಪಲಿ ಬಿಟ್ಟು, ದೀಪ ಹಾಕಿ, ಅದರ ಬೆಳಕು ನನ್ನ ಮುಖದ ಮೇಲೆ ಬೀಳುವಂತೆ ಅವಳ ಎದುರಿಗೆ ಕೂತೆ. ಅವಳು ಸೂಜಿ ನಿಲ್ಲಿಸಿದಳು.

"ಅಮ್ಮ, ಗಿಂಡಲೆ ಅಂದ್ರೆ ಏನು?"

ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು. "ಯಾಕೆ, ಈಗ ಯಾರಿಗೆ ಬಂತು?"

"ಯಾರಿಗೂ ಇಲ್ಲ. ಅರ್ಥ ಹೇಳು."

"ನೀನು ಮೇಡಂ. ನಿಂಗೆ ನಾನು ಅರ್ಥ ಹೇಳ್ಬೇಕಾ?"

ನಾನು ಬ್ಯಾಗಿನಿಂದ ಪ್ರಶ್ನೆಪತ್ರಿಕೆ ತೆಗೆದು ಅವಳ ಮುಂದಿಟ್ಟೆ. ಹೇಳಲು ಬಾಯಿ ಬಾರದವಳು ಹೀಗೆ ಕಾಗದ ಮುಂದೆ ತಳ್ಳುತ್ತಾಳೆ. ಅವಳು ಕನ್ನಡಕ ಏರಿಸಿ ಓದತೊಡಗಿದಳು. ಸಾಲಿನ ಕೆಳಗೆ ಬೆರಳು ನಿಧಾನವಾಗಿ ಸರಿಯುತ್ತಿತ್ತು. ನೆಗಡಿಯ ಸಾಲಿನಲ್ಲಿ ಸ್ವಲ್ಪ ನಿಂತಿತು. ಭುಜದ ಸಾಲಿನಲ್ಲಿ ಇನ್ನೂ ಹೆಚ್ಚು ಹೊತ್ತು. ಓದಿ ಮುಗಿಸಿ, ಮತ್ತೆ ಮೊದಲಿನಿಂದ ಓದಿದಳು. ನನಗೆ ಆಗ ಹೊಳೆಯಿತು, ಇವಳು ಒಂದು ಜೀವಮಾನವಿಡೀ ಮುಚ್ಚಿಟ್ಟದ್ದನ್ನು ನಾನು ನಲವತ್ತೊಂದು ಪ್ರತಿ ಅಚ್ಚು ಹಾಕಿಸಿ ಹಂಚಿದ್ದೇನೆ.

"ಎಲ್ಲಾ ಸರಿಯಾಗಿ ಬರ್ದಿದೀಯ" ಎಂದಳು. "ದೀಪ ಹೋಗಿದ್ದು ಕೂಡ. ಇಷ್ಟೆಲ್ಲಾ ನೋಡಿದ್ಯಾ ನೀನು?"

"ನೋಡಿದ್ದೆ."

"ಹಾಗಾದ್ರೆ ನಿಂಗೆ ಗೊತ್ತಿತ್ತು."

"ಇಲ್ಲಮ್ಮ. ನಾನು ಮುನಿಸು ಅಂದ್ಕೊಂಡಿದ್ದೆ."

ಅವಳಿಗೆ ಕೇಳಿಸಲಿಲ್ಲ ಎಂದುಕೊಂಡು ಮತ್ತೊಮ್ಮೆ ಗಟ್ಟಿಯಾಗಿ ಹೇಳಿದೆ. ಕೇಳಿಸಿತ್ತು. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿ, ಮಡಿಸಿ, ಪಕ್ಕಕ್ಕಿಟ್ಟಳು.

"ಅವತ್ತು ನಿಂಗೆ ಜ್ವರ. ಕರ್ದ್ರೂ ಯಾಕೆ ಬರ್ಲಿಲ್ಲ ಅಂತ ಅಳ್ತಿದ್ದೆ. ಕಿವುಡು ಅನ್ನೋಕೆ ನಾಚಿಕೆ ಆಯ್ತು. ನಿಮ್ಮಪ್ಪಂಗೂ ಹೇಳಿರ್ಲಿಲ್ಲ, ಮದ್ವೆಗೆ ಮೊದ್ಲು ಯಾರಿಗೂ ಹೇಳ್ಬೇಡ ಅಂದಿದ್ರು, ಆಮೇಲೆ ಹೇಳೋಕೆ ಹೊತ್ತೇ ಬರ್ಲಿಲ್ಲ. ಬಾಯಿಗೆ ಏನೋ ಬಂತು, ಗಿಂಡಲೆ ಅಂದ್ಬಿಟ್ಟೆ. ನೀನು ಆಮೇಲೆ ಎಲ್ಲರ ಮುಂದೆ ಅಮ್ಮಂಗೆ ಗಿಂಡಲೆ, ಅಮ್ಮಂಗೆ ಗಿಂಡಲೆ ಅಂತ ಆಡ್ಕೊಳ್ತಿದ್ದೆ. ಇವಳಿಗೆ ಗೊತ್ತಾಗಿದೆ ಅಂದ್ಕೊಂಡೆ. ಮುಖ ಊದಿಸ್ಕೊಂಡು ಕರ್ದ್ರೂ ತಿರುಗದ ನಿನ್ ತಮ್ಮಂಗೂ ಅದನ್ನೇ ಅಂದಾಗ, ನನ್ ಕಿವುಡನ್ನೇ ಅವನಿಗೂ ಹಚ್ಚಿ ಆಡ್ಕೊಳ್ತಾಳೆ ಅಂದ್ಕೊಂಡೆ."

"ಗೊತ್ತಿದ್ದಿದ್ರೆ ಹಾಗೆ ಆಡ್ಕೊಳ್ತಿದ್ನಾ?"

"ಗೊತ್ತಿದ್ದೂ ಆಡ್ಕೊಳ್ತಾಳೆ, ಹೋಗ್ಲಿ, ಮಗು ಅಂದ್ಕೊಂಡೆ" ಎಂದಳು ಅಮ್ಮ. "ಆಮೇಲೆ ದೊಡ್ಡೋಳಾದೆ. ಆಗ್ಲೂ ಹಾಗೇ ಅಂದ್ಕೊಂಡೆ."

ಅವಳ ಧ್ವನಿಯಲ್ಲಿ ಮುನಿಸೇನೂ ಇರಲಿಲ್ಲ. ಅದೇ ನನಗೆ ತಡೆಯಲಾಗದ್ದು. ಇಷ್ಟು ವರ್ಷ ಅವಳು ನನ್ನನ್ನು, ತಾಯಿ ಕಿವುಡಿ ಎಂದು ಗೊತ್ತಿದ್ದೂ ಹಂಗಿಸುವ ಮಗಳು ಎಂದು ತಿಳಿದು, ತಲೆ ಬಾಚಿ, ಬಟ್ಟೆ ಹೊಲಿದು, ಎದುರಿಗೆ ಕೂತು ನಕ್ಕಿದ್ದಳು. ನಾನು ಅವಳ ಒಂದು ಪದವನ್ನು ತಪ್ಪಾಗಿ ಓದಿದ್ದೆ. ಅದರಿಂದ ಅವಳು ನನ್ನನ್ನೇ ತಪ್ಪಾಗಿ ಓದಿಕೊಂಡಿದ್ದಳು, ನಾನು ಕೊಟ್ಟ ಸಾಲುಗಳು ಅಂಥವಾಗಿದ್ದವು. ತಲೆ ಎತ್ತಲಾಗಲಿಲ್ಲ. ತಪ್ಪಾಯಿತು ಎಂದು ಮೇಜಿನ ಕಡೆ ನೋಡುತ್ತ ಹೇಳಿದೆ.

"ಮುಖ ಎತ್ತಿ ಹೇಳು" ಎಂದಳು ಅಮ್ಮ. "ಕೇಳ್ಸಲ್ಲ."

ಮುಖ ಎತ್ತಿ ಹೇಳಿದೆ. ಜೀವನದಲ್ಲಿ ಅಷ್ಟು ಕಷ್ಟದ ವಾಕ್ಯವನ್ನು ನಾನು ಯಾರಿಗೂ ಹೇಳಿಲ್ಲ. ಅವಳು ತುಟಿ ನೋಡಿ, ತಲೆಯಾಡಿಸಿ ಕೇಳಿದಳು: "ಮಕ್ಕಳೆಲ್ಲಾ ಏನು ಬರೆದ್ರು?"

"ಮುನಿಸು. ಒಬ್ಬಳು ಮಾತ್ರ ಸರಿ ಬರೆದಳು. ನಾನು ಸೊನ್ನೆ ಕೊಟ್ಟೆ."

ಅಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಸೊನ್ನೆನಾ?" ಎಂದಳು. ಆ ಸಂಜೆ ಅವಳಿಗೆ ಸಿಟ್ಟು ಬಂದದ್ದು ಅದೊಂದಕ್ಕೇ.

ಶನಿವಾರ ಎಂಟೂವರೆಗೆ ಶಾಲೆಯಲ್ಲಿದ್ದೆ. ನಮ್ಮಲ್ಲಿ ಒಮ್ಮೆ ಕೊಟ್ಟ ಅಂಕ ತಿದ್ದಬೇಕಾದರೆ ಸುಮ್ಮನೆ ಗೀಚುವಂತಿಲ್ಲ. ಹಳೆಯ ಅಂಕ ಕಾಣುವಂತೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಹೊಸದನ್ನು ಬರೆದು, ಸಹಿ ಹಾಕಿ, ಕಚೇರಿಯ ಪುಸ್ತಕದಲ್ಲಿ ತಿದ್ದುಪಡಿಗೆ ಕಾರಣ ಬರೆಯಬೇಕು. ಆ ಪುಸ್ತಕವನ್ನು ಯಾರು ಬೇಕಾದರೂ ತೆಗೆದು ನೋಡಬಹುದು. ಸಾಮಾನ್ಯವಾಗಿ ಅಲ್ಲಿ ನಾವು ಬರೆಯುವುದು "ಕೂಡುವಾಗ ತಪ್ಪಾಗಿದೆ" ಎಂದು. ಗುಮಾಸ್ತರು ಅದನ್ನೇ ಬರೆಯಲು ಪೆನ್ನು ತೆರೆದು ನನ್ನ ಮುಂದೆ ಹಿಡಿದರು.

"ಸ್ವಲ್ಪ ಇರಿ, ಮೊದ್ಲು ತರಗತಿಗೆ ಹೋಗಿ ಬರ್ತೀನಿ" ಎಂದೆ.

ಆಮೆ ಕೊನೆಯ ಬೆಂಚಿನಲ್ಲಿ ಕೂತಿದ್ದಳು. ಪುಸ್ತಕ ತಂದಿರಲಿಲ್ಲ. ನಾನು ಬೋರ್ಡಿನ ಮೇಲೆ ಗಿಂಡಲೆ ಎಂದು ಬರೆದು, ಮುಂದೆ ಅವಳ ಉತ್ತರವನ್ನು ಅವಳದೇ ಮಾತಿನಲ್ಲಿ ಬರೆದೆ. ಇದು ಸರಿಯುತ್ತರ, ನನ್ನ ಮಾದರಿ ಉತ್ತರ ತಪ್ಪು ಎಂದೆ. ಯಾಕೆ ತಪ್ಪು ಎಂದು ಸಾಲು ಸಾಲಾಗಿ, ಅವಳು ತೋರಿಸಿದ ಕ್ರಮದಲ್ಲೇ ತೋರಿಸಿದೆ. ಮುಂದಿನ ಬೆಂಚಿನವರು ತಕ್ಷಣ ಎದ್ದರು.

"ನಮ್ ಅಂಕ ಕಿತ್ಕೊಳ್ತೀರಾ ಮೇಡಂ?"

"ಇಲ್ಲ. ನಿಮ್ಮನ್ನ ದಾರಿ ತಪ್ಪಿಸಿದ್ದು ನಾನು. ಅದು ಇರ್ಲಿ."

"ನಿಮಗ್ಯಾರು ಹೇಳಿದ್ರು ತಪ್ಪು ಅಂತ?"

ಕೊನೆಯ ಬೆಂಚಿನ ಕಡೆ ಕೈ ತೋರಿಸಿದೆ. ಆಮೆ ಎನ್ನಲಿಲ್ಲ, ಅವಳ ಹೆಸರು ಹಿಡಿದು ಕರೆದೆ. ಹಾಜರಿ ಪುಸ್ತಕದ ಹೊರಗೆ ನಾನು ಆ ಹೆಸರನ್ನು ಹೇಳಿದ್ದು ಅದೇ ಮೊದಲು. ಅವಳು ಎದ್ದು ನಿಲ್ಲಲೂ ಇಲ್ಲ, ನಗಲೂ ಇಲ್ಲ, ತನ್ನನ್ನೇ ಕರೆದದ್ದು ಹೌದೋ ಅಲ್ಲವೋ ಎಂದು ನನ್ನ ಮುಖವನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಚೆನ್ನಾಗಿ ಪರಿಚಯವಿತ್ತು. ಶಿಕ್ಷಕರ ಕೋಣೆಯಲ್ಲಿ ನಿನ್ನೆ ಆಡಿದ ಮಾತಿಗೆ ತಪ್ಪಾಯಿತು ಎಂದು ಎಲ್ಲರ ಮುಂದೆ ಹೇಳಿದೆ. ಹಿಂದಿನ ದಿನ ಸಂಜೆ ಅಭ್ಯಾಸವಾಗಿದ್ದರಿಂದ ಮುಖ ಎತ್ತಿಯೇ ಹೇಳಿದೆ.

ಹೊರಡುವಾಗ ಅವಳು ಬಾಗಿಲವರೆಗೆ ಬಂದಳು. "ಅವ್ರಿಗೆ ಈಗ ಹೇಗಿದೆ ಮೇಡಂ?" ಎಂದು ಮೆಲ್ಲಗೆ ಕೇಳಿದಳು. ಇಪ್ಪತ್ತಾರು ವರ್ಷದಲ್ಲಿ ಗದ್ಯದೊಳಗಿನ ಯಾರನ್ನೂ ಯಾವ ಮಗುವೂ ಹೀಗೆ ವಿಚಾರಿಸಿರಲಿಲ್ಲ. ಐವತ್ತು ವರ್ಷದಲ್ಲಿ ನಾನೂ ವಿಚಾರಿಸಿರಲಿಲ್ಲ.

ಕಚೇರಿಗೆ ಹೋಗಿ ಮೂವತ್ತಮೂರಕ್ಕೆ ಗೆರೆ ಎಳೆದು ಮೂವತ್ತೈದು ಎಂದು ಬರೆದು ಸಹಿ ಹಾಕಿದೆ. ಪುಸ್ತಕ ತೆರೆದೆ. ಗುಮಾಸ್ತರು, "ಕೂಡುವಾಗ ತಪ್ಪಾಗಿದೆ ಅಂತ ಹಾಕ್ಲಾ?" ಎಂದರು. ಬೇಡ ಎಂದು ಪೆನ್ನು ತೆಗೆದುಕೊಂಡು, ತಿದ್ದುಪಡಿಗೆ ಕಾರಣ ಎಂಬಲ್ಲಿ ನಾನೇ ಬರೆದೆ:

"ವಿದ್ಯಾರ್ಥಿನಿಯ ಉತ್ತರ ಸರಿಯಾಗಿದೆ. ಗದ್ಯ ಬರೆದವರು ಅದನ್ನು ಓದಿರಲಿಲ್ಲ."